ಕೆಆರ್‌ಎಸ್ ವಿಡಿಯೋದ ಥಂಬ್‌ನೇಲ್ ಮತ್ತು ಮೊದಲ 15 ಸೆಕೆಂಡು: ನಾನು ಮಾಡುವ ಕ್ರಮ

ಮಂಡ್ಯದ ಕಡೆ ಮಳೆಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಕಟ್ಟೆಯ ಅಡಿ ಲೆಕ್ಕ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ನೀರು 100 ಅಡಿ ಇದ್ದರೆ ಎತ್ತರದಲ್ಲಿ ಶೇ 80 ಆಯಿತು, ಆದರೆ ಸಂಗ್ರಹ ಮಾತ್ರ ಪೂರ್ಣ ಸಾಮರ್ಥ್ಯವಾದ ಸುಮಾರು 49 ಟಿಎಂಸಿಯ ಅರ್ಧಕ್ಕೂ ಕಡಿಮೆ. ಜಲಾಶಯ ಮೇಲೆ ಹೋದಂತೆ ಅಗಲವಾಗುವುದೇ ಕಾರಣ. ಇದನ್ನು ವಿವರಿಸುವ ವಿಡಿಯೋವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನನ್ನ ಕ್ರಮ ಹೇಳುತ್ತೇನೆ.

ಥಂಬ್‌ನೇಲ್ ಮತ್ತು ಮೊದಲ ಸಾಲನ್ನು ಸ್ಕ್ರಿಪ್ಟ್‌ಗಿಂತ ಮೊದಲೇ, ಒಟ್ಟಿಗೆ ಬರೆಯುತ್ತೇನೆ. ಒಂದು ಕೊಟ್ಟ ಮಾತನ್ನು ಇನ್ನೊಂದು ತಕ್ಷಣ ಉಳಿಸಿಕೊಳ್ಳಬೇಕು. ಇಲ್ಲಿ ಕೊಡುವ ಮಾತು ಒಂದೇ: ‘100 ಅಡಿ ಇದ್ದರೂ ಅರ್ಧ ನೀರಿಲ್ಲ’. ಬೆಳೆಗೆ ನೀರು ಸಾಕಾಗುತ್ತದೆಯೇ ಎಂದು ಥಂಬ್‌ನೇಲ್‌ನಲ್ಲಿ ಕೇಳಿದರೆ ಕ್ಲಿಕ್ ಹೆಚ್ಚು ಬರಬಹುದು. ಆದರೆ ವಿಡಿಯೋದಲ್ಲಿ ಅದಕ್ಕೆ ಉತ್ತರವಿಲ್ಲ, ಹಾಗಾಗಿ ಆ ಪ್ರಶ್ನೆ ಬೇಡ.

ಕ್ಯಾನ್ವಾಸ್ 1280×720. ಚಿತ್ರ ಒಂದೇ: ಕಟ್ಟೆಯನ್ನು ಅಡ್ಡ ಸೀಳಿದಂತೆ, ಕೆಳಗೆ ಕಿರಿದಾಗಿ ಮೇಲೆ ಅಗಲವಾದ ಆಕಾರ, ಎತ್ತರದ ಐದರಲ್ಲಿ ನಾಲ್ಕು ಪಾಲಿನವರೆಗೆ ನೀಲಿ. ಕಟ್ಟೆಯ ಫೋಟೋ, ನನ್ನ ಮುಖ, ಬಾಣದ ಗುರುತು ಮೂರನ್ನೂ ಹಾಕಿದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಅಕ್ಷರ ಎರಡೇ ಸಾಲು: ಮೇಲೆ ‘100 ಅಡಿ’, ಕೆಳಗೆ ‘ಅರ್ಧವೂ ಇಲ್ಲ’. ಕೆಆರ್‌ಎಸ್ ಎನ್ನುವುದು ಶೀರ್ಷಿಕೆಯಲ್ಲಿ ಹೇಗೂ ಇರುತ್ತದೆ, ಚಿತ್ರದಲ್ಲಿ ಮತ್ತೆ ಬೇಡ.

ಕನ್ನಡ ಅಕ್ಷರಕ್ಕೆ ಇಲ್ಲಿ ವಿಶೇಷ ಎಚ್ಚರ ಬೇಕು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲುಗಳು ಹತ್ತಿರವಿದ್ದರೆ ಕೆಳಸಾಲಿನ ಗುಣಿತಕ್ಕೆ ಬಡಿಯುತ್ತದೆ. ಅದಕ್ಕೇ ಒತ್ತಿಲ್ಲದ ‘100 ಅಡಿ’ ಮೇಲೆ, ‘ಲ್ಲ’ ಇರುವ ಸಾಲು ಕೆಳಗೆ. ಅಕ್ಷರದ ಸುತ್ತ ದಪ್ಪ ಅಂಚು ಕೊಟ್ಟರೆ ‘ಧ’ದ ಸೀಳು ಮುಚ್ಚಿಕೊಂಡು ‘ದ’ದಂತೆ ಕಾಣುತ್ತದೆ. ನಾನು ಬಾಲೂ ತಮ್ಮ ಫಾಂಟಿನ ದಪ್ಪ ರೂಪ ಬಳಸಿ, ಅಂಚಿನ ಬದಲು ಹಿಂದೆ ಕಡುಬಣ್ಣದ ಪಟ್ಟಿ ಇಡುತ್ತೇನೆ. ಬಲಗಡೆ ಕೆಳಮೂಲೆ ಖಾಲಿ, ಅಲ್ಲಿ ವಿಡಿಯೋದ ಅವಧಿ ಬಂದು ಕೂರುತ್ತದೆ. ಮುಗಿದ ಮೇಲೆ ಶೇ 10ಕ್ಕೆ ಕುಗ್ಗಿಸಿ, ತೋಳಳತೆ ದೂರದಿಂದ ನೋಡುತ್ತೇನೆ. ಆಗಲೂ ನೀರಿನ ಗೆರೆ ಮತ್ತು ‘100’ ಕಾಣದಿದ್ದರೆ ಮತ್ತೆ ಕೆಲಸಕ್ಕೆ ಇಳಿಯಬೇಕು.

ಈಗ ಮೊದಲ 15 ಸೆಕೆಂಡು. ಕನ್ನಡದ ಪದಗಳು ಉದ್ದ, ಆರಾಮಾಗಿ ಓದಿದರೆ ಈ ಅವಧಿಗೆ 25ರಿಂದ 30 ಪದ ಹಿಡಿಯುತ್ತವೆ, ಅಷ್ಟೆ. ಹಾಗಾಗಿ ‘ನಮಸ್ಕಾರ, ಚಾನೆಲ್‌ಗೆ ಸ್ವಾಗತ’ಕ್ಕೆ ಇಲ್ಲಿ ಜಾಗವಿಲ್ಲ, ಲೋಗೋ ಆನಿಮೇಷನ್‌ಗಂತೂ ಮೊದಲೇ ಇಲ್ಲ. ನನ್ನ ಸಾಲುಗಳು ಹೀಗಿರುತ್ತವೆ:

“ಕನ್ನಂಬಾಡಿ ಕಟ್ಟೇಲಿ ನೀರು ನೂರಡಿ ಇದೆ ಅಂದ್ರೆ ಮುಕ್ಕಾಲು ತುಂಬಿದೆ ಅಂದ್ಕೋತೀವಿ. ಆದ್ರೆ ಒಳಗಿರೋದು ಅರ್ಧಕ್ಕೂ ಕಡಿಮೆ. ಮೇಲಿನ ಇಪ್ಪತ್ತೈದಡಿಲೇ ಅರ್ಧಕ್ಕಿಂತ ಜಾಸ್ತಿ ನೀರು ಹೆಂಗೆ ಹಿಡಿಯುತ್ತೆ? ಕಟ್ಟೇನ ಅಡ್ಡ ಸೀಳಿ ನೋಡಣ.”

ಮೊದಲ ಸಾಲಿಗೆ ಪರದೆಯ ಮೇಲೆ ಥಂಬ್‌ನೇಲ್‌ನ ಅದೇ ಚಿತ್ರ, ಅದೇ ಬಣ್ಣ, ಆದರೆ ನೀರು ಏರುತ್ತಿರುತ್ತದೆ. ತಾನು ಒತ್ತಿದ್ದು ಇದೇ ವಿಡಿಯೋ ಎಂದು ನೋಡುಗನಿಗೆ ಗೊತ್ತಾಗಲು ಇದು ಬೇಕು. ಎರಡನೇ ಸಾಲಿಗೆ ‘ಅರ್ಧಕ್ಕೂ ಕಡಿಮೆ’ ಎಂಬ ಅಕ್ಷರ ದೊಡ್ಡದಾಗಿ ಬರುತ್ತದೆ. ಯೂಟ್ಯೂಬ್ ಮುಖಪುಟದಲ್ಲಿ ವಿಡಿಯೋ ಎಷ್ಟೋ ಸಲ ಸದ್ದಿಲ್ಲದೆ ತಾನೇ ಓಡುವುದರಿಂದ, ಮಾತು ಕೇಳದವರಿಗೂ ವಿಷಯ ದಾಟಬೇಕು. ‘ಏನು’ ಎಂಬುದನ್ನು ಮೊದಲೇ ಬಿಟ್ಟುಕೊಟ್ಟು ‘ಯಾಕೆ’ ಎಂಬುದನ್ನು ಮುಂದಕ್ಕೆ ಇಡುವುದು ನನ್ನ ಪಟ್ಟು. ಉತ್ತರವನ್ನೇ ಬಚ್ಚಿಟ್ಟು ಕೊನೆಯವರೆಗೆ ಕಾಯಿಸಿದರೆ ಜನ ಮುಂದೆ ಓಡಿಸಿಕೊಂಡು ಹೋಗುತ್ತಾರೆ.

ವಿಡಿಯೋ ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ, ಯಾವ ಸೆಕೆಂಡಿನಲ್ಲಿ ಎಷ್ಟು ಪಾಲು ಜನ ಇನ್ನೂ ನೋಡುತ್ತಿದ್ದಾರೆಂದು ತೋರಿಸುವ ರಿಟೆನ್ಷನ್ ಗ್ರಾಫ್ ನೋಡುತ್ತೇನೆ. ಮೊದಲ ನಾಲ್ಕೈದು ಸೆಕೆಂಡಿನಲ್ಲೇ ಗೆರೆ ಕಡಿದಾಗಿ ಬಿದ್ದಿದ್ದರೆ ಥಂಬ್‌ನೇಲ್ ಹೇಳಿದ್ದು, ವಿಡಿಯೋ ತೋರಿಸಿದ್ದು ಬೇರೆ ಬೇರೆ ಎಂದು ಮೊದಲ ಅನುಮಾನ. ಹತ್ತನೇ ಸೆಕೆಂಡಿನ ಆಚೆ ಬಿದ್ದಿದ್ದರೆ ಪೀಠಿಕೆ ಉದ್ದವಾಗಿದೆ. ಗೆರೆ ಒಂದೆಡೆ ಉಬ್ಬಿದ್ದರೆ ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ. ಅಲ್ಲಿ ಅಂಕಿ ಬೇಗ ಮಾಯವಾಗಿದೆಯೇ ಎಂದು ಪರೀಕ್ಷಿಸಬೇಕು. ನೋಡಿದವರು ಬೆರಳೆಣಿಕೆಯಷ್ಟಿದ್ದಾಗ ಈ ಯಾವ ಅರ್ಥವನ್ನೂ ಹಚ್ಚಬಾರದು. ಇನ್ನು ಕ್ಲಿಕ್ ಪ್ರಮಾಣ ಕೆಲವು ದಿನಗಳ ಮೇಲೆ ಇಳಿದ ಮಾತ್ರಕ್ಕೆ ಥಂಬ್‌ನೇಲ್ ಕೆಟ್ಟಿತು ಎನ್ನಲಾಗದು. ಚಾನೆಲ್ ಪರಿಚಯವೇ ಇಲ್ಲದವರಿಗೆ ವಿಡಿಯೋ ಕಾಣಿಸತೊಡಗಿದಾಗಲೂ ಅದು ಇಳಿಯುತ್ತದೆ.

ಥಂಬ್‌ನೇಲ್ ಹೋಲಿಸಿ ನೋಡುವ ಸೌಲಭ್ಯ ಸ್ಟುಡಿಯೋದಲ್ಲೇ ಇದೆ, ಮೂರರವರೆಗೆ ಹಾಕಬಹುದು. ಅದು ಗೆಲ್ಲಿಸುವುದು ಹೆಚ್ಚು ಕ್ಲಿಕ್ ತಂದದ್ದನ್ನಲ್ಲ, ಹೆಚ್ಚು ಹೊತ್ತು ನೋಡಿಸಿದ್ದನ್ನು. ಹೀಗಾಗಿ ಬಣ್ಣವಷ್ಟೇ ಬದಲಿಸಿದ ಮೂರು ಹಾಕುವುದು ದಂಡ. ಒಂದರಲ್ಲಿ ಸೀಳುಚಿತ್ರ, ಇನ್ನೊಂದರಲ್ಲಿ ಕಟ್ಟೆಯ ಫೋಟೋ, ಹೀಗೆ ಬೇರೆಯಾಗಿಯೇ ಇರಲಿ. ಹಾಕಿದ ವಿಡಿಯೋವನ್ನು ಅದೇ ಲಿಂಕಿನಲ್ಲಿ ಹೊಸದಾಗಿ ಬದಲಿಸಲು ಬರುವುದಿಲ್ಲ. ಆದರೆ ಸ್ಟುಡಿಯೋದ ಎಡಿಟರ್‌ನಲ್ಲಿ ಆರಂಭದ ತುಂಡನ್ನು ಕತ್ತರಿಸಬಹುದು, ಹಳೆಯ ವಿಡಿಯೋಗಳ ಸ್ವಾಗತದ ಮಾತನ್ನು ನಾನು ತೆಗೆಯುವುದು ಹಾಗೆಯೇ.