ಹಾಸಿಗೆ ಮೇಲೇ ಕೆಲಸ ಮಾಡುವವರು ಕಾಲ ಕಡೆ ಕೂರಿ

ಒಂದೇ ರೂಮಿನ ಮನೆಯಲ್ಲಿ ಹಾಸಿಗೆ ಬಿಟ್ಟು ಕೂರಲು ಬೇರೆ ಜಾಗವಿಲ್ಲದಿದ್ದರೆ, ರಾತ್ರಿ ನಿದ್ರೆ ಕೆಡದಿರಲು ಕೆಲಸದ ಹೊತ್ತಿನಲ್ಲಿ ದಿಕ್ಕು ಬದಲಿಸಿ. ರಾತ್ರಿ ಕಾಲು ಚಾಚುವ ಕಡೆ ಬೆನ್ನಿಗೆ ಗಟ್ಟಿ ದಿಂಬು ಇಟ್ಟು ಕೂರಿ. ಹಾಸಿಗೆ ಮೇಲೆ ಬೇರೆ ಬಣ್ಣದ ದಪ್ಪ ಹೊದಿಕೆ ಹಾಸಿ, ಮಲಗುವ ದಿಂಬನ್ನು ಕಣ್ಣಿಗೆ ಬೀಳದಂತೆ ಎತ್ತಿಡಿ. ಕೆಲಸ ಮುಗಿದ ಕೂಡಲೇ ಹೊದಿಕೆ ಮಡಚಿ, ಲ್ಯಾಪ್‌ಟಾಪ್, ಚಾರ್ಜರ್ ಸಮೇತ ಒಂದೇ ಚೀಲಕ್ಕೆ ಹಾಕಿ. ದೊಡ್ಡ ಲೈಟ್ ಆರಿಸಿ, ಸಣ್ಣ ಹಳದಿ ದೀಪ ಹಚ್ಚಿ. ಮಿದುಳು ನಿದ್ರೆಯನ್ನು ಜಾಗಕ್ಕಷ್ಟೇ ಅಲ್ಲ, ಕಣ್ಣಿಗೆ ಕಾಣುವುದು, ಮೈಗೆ ತಾಗುವುದು, ಬೆಳಕು ಎಲ್ಲಕ್ಕೂ ಗಂಟು ಹಾಕಿಕೊಳ್ಳುತ್ತದೆ. ಮಂಚ ಬದಲಿಸಲು ಆಗದು, ಉಳಿದದ್ದನ್ನು ಬದಲಿಸಬಹುದು ಅಲ್ವಾ? ಇದರಲ್ಲಿ ಹೊದಿಕೆ ತೆಗೆಯುವುದೇ ಮುಖ್ಯ. ಸೋಮಾರಿತನಕ್ಕೆ ಅದನ್ನು ಹಾಗೇ ಬಿಟ್ಟು ಅದರ ಮೇಲೇ ಮಲಗಿದರೆ ಎಲ್ಲ ಕಲಸಿಹೋಗುತ್ತದೆ. ಮಲಗಿದ ಮೇಲೆ ಫೋನಿನಲ್ಲಿ ಆಫೀಸಿನ ಮೆಸೇಜ್ ನೋಡುವವರಿಗೂ ಇದು ಕೆಲಸ ಮಾಡುವುದಿಲ್ಲ. ಸುಮಾರು 20 ನಿಮಿಷವಾದರೂ ನಿದ್ರೆ ಬರದಿದ್ದರೆ ಸುಮ್ನೆ ಹೊರಳಾಡಬೇಡಿ. ಎದ್ದು ನೆಲದ ಮೇಲೆ ಚಾಪೆ ಹಾಕಿ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆಯತೊಡಗಿದಾಗ ವಾಪಸ್ ಬನ್ನಿ. ಬೆನ್ನುನೋವು ಇರುವವರು ಹಾಸಿಗೆ ಮೇಲೆ ಕೂತು ಕೆಲಸ ಮಾಡದಿರುವುದೇ ವಾಸಿ, ಮೆತ್ತನೆ ಹಾಸಿಗೆಯಲ್ಲಿ ಜಾಸ್ತಿ ಹೊತ್ತು ಕೂತರೆ ಸೊಂಟ ಕುಸಿಯುತ್ತದೆ.