ಕೂಸಿನ ಕಿವಿ ಚುಚ್ಚಿಸುವಾಗ ತಿರುಪಿನ ಮೇಲೆ ಕಣ್ಣಿರಲಿ

ದಾವಣಗೆರೆ, ಚಿತ್ರದುರ್ಗದ ಕಡೆ ಕೂಸಿನ ಕಿವಿ ಚುಚ್ಚಿಸುವ ದಿನವನ್ನು ಪಂಚಾಂಗ ನೋಡಿ, ಸೋದರಮಾವನ ಬಿಡುವು ಕೇಳಿ ಗೊತ್ತು ಮಾಡುತ್ತಾರೆ. ಇವೆರಡರ ಜೊತೆಗೆ ತಾಯಿ ಕಾರ್ಡನ್ನೂ ತೆಗೆದು ನೋಡಿ. 6, 10 ಮತ್ತು 14ನೇ ವಾರಕ್ಕೆ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಎರಡಕ್ಕೂ ರಕ್ಷಣೆ ಇದೆ. ಕಿವಿಯ ತೂತಿನಿಂದ ಒಳಹೊಗಬಹುದಾದ ರೋಗಗಳಲ್ಲಿ ಇವೆರಡೂ ಸೇರಿವೆ. ಹಾಗಾಗಿ ಮೂರೂವರೆ ತಿಂಗಳ ಇಂಜೆಕ್ಷನ್ ಮುಗಿದು ಒಂದು ವಾರವಾದರೂ ಕಳೆಯಲಿ. ಇಲ್ಲದಿದ್ದರೆ ಜ್ವರ ಬಂದಾಗ ಅದು ಇಂಜೆಕ್ಷನ್ನಿನದೋ ಕಿವಿಯದೋ ತಿಳಿಯುವುದಿಲ್ಲ. ಬೆಸ ತಿಂಗಳೇ ಬೇಕೆನ್ನುವ ಮನೆಯವರಿಗೆ ಐದನೇ ತಿಂಗಳು ಸರಿಹೊಂದುತ್ತದೆ.

ಹನ್ನೊಂದನೇ ದಿನಕ್ಕೋ ತೊಟ್ಟಿಲ ಶಾಸ್ತ್ರದ ದಿನಕ್ಕೋ ಚುಚ್ಚಿಸುವುದು ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಸಣ್ಣ ಸೋಂಕೂ ರಕ್ತಕ್ಕೆ ಇಳಿಯುವ ಭಯ ಹೆಚ್ಚು. ಎಂಟು ತಿಂಗಳು ದಾಟಿದರೆ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತದೆ, ಹಸಿ ಗಾಯ ಮಾಯುವುದಿಲ್ಲ. ಆಗ ಅವಸರ ಮಾಡದೆ, ಮಗು ಹೇಳಿದ ಮಾತು ಕೇಳುವ ವಯಸ್ಸಿನವರೆಗೆ ಬಿಟ್ಟರೂ ನಷ್ಟವೇನಿಲ್ಲ. ಜಾವಳದ ದಿನವೇ ಜಾತ್ರೆಯ ಅಂಗಡಿಯಲ್ಲಿ ಚುಚ್ಚಿಸಿಬಿಡುವ ಯೋಚನೆಯಂತೂ ಬೇಡವೇ ಬೇಡ. ಅಲ್ಲಿ ಧೂಳು, ಬೆವರು, ಒಂದೇ ಗನ್ನು ಹತ್ತಾರು ಕಿವಿಗೆ.

ಒಡವೆಯನ್ನು ವಾರ ಮೊದಲೇ ಆರಿಸಿ. ಕಲ್ಲಿಲ್ಲದ, ಮುಖ ಚಪ್ಪಟೆಯಾದ 22 ಕ್ಯಾರೆಟ್ ಟಾಪ್ಸ್ ಸಾಕು. ಕಲ್ಲಿನ ಸಂದಿಯಲ್ಲಿ ಕೊಳೆ ಕೂರುತ್ತದೆ. 22 ಕ್ಯಾರೆಟ್ಟಿನಲ್ಲಿ ಶೇಕಡ 91.6ರಷ್ಟು ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಇಲ್ಲಿ ಅನೇಕರು ಎಡವುತ್ತಾರೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಕೂಸಿನ ಟಾಪ್ಸ್ ಬಹುತೇಕ ಅಷ್ಟು ತೂಗುವುದೇ ಇಲ್ಲ. ಆದ್ದರಿಂದ ಅಂಗಡಿಯ ಕ್ಯಾರೆಟ್ ಯಂತ್ರದಲ್ಲಿ ಟಾಪ್ಸಿನ ಮುಖವನ್ನಲ್ಲದೆ ಕಡ್ಡಿ ಮತ್ತು ತಿರುಪನ್ನೂ ಇಟ್ಟು ತೋರಿಸಿ ಎಂದು ಕೇಳಿ. ಒನ್ ಗ್ರಾಂ ಗೋಲ್ಡ್ ಎಂದು ಮಾರುವ ಮಾಲು ಹೊಸ ತೂತಿಗೆ ಸಲ್ಲದು. ಅದು ಹಿತ್ತಾಳೆ ಅಥವಾ ತಾಮ್ರದ ಮೇಲಿನ ಲೇಪ, ನಡುವೆ ಹಲವು ಸಲ ಅಲರ್ಜಿ ತರುವ ನಿಕ್ಕಲ್ ಪದರ. ಬಿಳಿ ಚಿನ್ನದಲ್ಲೂ ನಿಕ್ಕಲ್ ಬೆರೆಸುವುದುಂಟು.

ಚುಚ್ಚುವ ಕೆಲಸ ಎರಡು ನಿಮಿಷದ್ದು. ಒಮ್ಮೆ ಬಳಸಿ ಎಸೆಯುವ ಸೂಜಿಯಿಂದ ಮಾಡುವ ಮಕ್ಕಳ ಡಾಕ್ಟರೋ ಚರ್ಮದ ಡಾಕ್ಟರೋ ಇದ್ದರೆ ಅವರೇ ಒಳ್ಳೆಯದು. ಒಡವೆಯನ್ನು ಮೊದಲೇ ಕೊಟ್ಟರೆ ಆಸ್ಪತ್ರೆಯಲ್ಲೇ ಆಟೋಕ್ಲೇವ್ ಯಂತ್ರದ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು ಕೊಡುತ್ತಾರೆ. ಅಕ್ಕಸಾಲಿಗರ ಕೈಯಲ್ಲೇ ಆಗಬೇಕೆಂದರೆ ಚಿನ್ನದ ತಂತಿಯನ್ನು ಬೆಂಕಿಗೆ ಹಿಡಿದು ಕೊಡುವುದಕ್ಕೆ ಒಪ್ಪಬೇಡಿ. ಮಸಿ ಮೆತ್ತುತ್ತದೆ, ಬಿಳಿಗಾರದ ಚೂರು ಅಂಟಿರಬಹುದು. ಚುಚ್ಚುವ ತಂತಿಯನ್ನೂ ಟಾಪ್ಸನ್ನೂ ಮನೆಯಲ್ಲೇ 20 ನಿಮಿಷ ಕುದಿಸಿ ಒಯ್ಯಿರಿ, ಅವರು ಸೋಪಿನಲ್ಲಿ ಕೈ ತೊಳೆದು ಹೊಸ ಗ್ಲೌಸ್ ಹಾಕಲಿ, ಹಾಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಲು ಬಿಡಲಿ. ಆದರೂ ಕುದಿಸಿದ್ದು ಆಟೋಕ್ಲೇವಿಗೆ ಸಮವಲ್ಲ. ಮರವಿನ ಕ್ರೀಮನ್ನು ಡಾಕ್ಟರ್ ಹೇಳದೆ ಹಚ್ಚಬೇಡಿ.

ಗುರುತು ಹಾಕುವಾಗ ಕೂಸನ್ನು ನೆಟ್ಟಗೆ ಕೂರಿಸಿಕೊಂಡು ಎದುರಿನಿಂದ ಎರಡೂ ಚುಕ್ಕೆ ನೋಡಿ. ಹಾಲೆಯ ಮಧ್ಯದಲ್ಲೇ ಇರಲಿ. ಕೆಳಗೆ ಇಳಿದರೆ ಮುಂದೆ ಜುಮುಕಿಯ ಭಾರಕ್ಕೆ ತೂತು ಅಂಚಿಗೆ ಜಾರುತ್ತದೆ. ಮೃದ್ವಸ್ಥಿ ಇರುವ ಮೇಲಿನ ಕಿವಿಯನ್ನು ಮುಟ್ಟಲೇಬಾರದು. ಅಲ್ಲಿ ಸೋಂಕಾದರೆ ಕಿವಿಯ ಆಕಾರವೇ ಕೆಡಬಹುದು. ಚುಚ್ಚಿದ ಕೂಡಲೇ ಹಾಲು ಕುಡಿಸಿ.

ಇಲ್ಲಿಂದ ಮುಂದಿನ ಆರು ವಾರದಲ್ಲೇ ಕೆಡುವುದೆಲ್ಲ ಕೆಡುತ್ತದೆ. ಮೊದಲ ತಪ್ಪು ತಿರುಪನ್ನು ಬಿಗಿ ಮಾಡುವುದು. ಬಿದ್ದು ಹೋದೀತು, ಕೂಸು ನುಂಗೀತು ಎಂಬ ಭಯಕ್ಕೆ ಕೊನೆಯವರೆಗೂ ತಿರುಗಿಸುತ್ತಾರೆ. ಎರಡು ಮೂರು ದಿನಕ್ಕೆ ಹಾಲೆ ಊದಿಕೊಂಡಾಗ ಜಾಗ ಸಾಲದೆ ತಿರುಪು ಚರ್ಮದೊಳಗೆ ಹೂತುಹೋಗುತ್ತದೆ, ಹಿಂದಿನಿಂದ ಕಾಣುವುದೂ ಇಲ್ಲ. ಹಾಲೆಗೂ ತಿರುಪಿಗೂ ನಡುವೆ 2 ಮಿಲಿಮೀಟರಿನಷ್ಟು ಸಂದು ಬಿಟ್ಟಿರಬೇಕು. ಅದಕ್ಕೆ ಕಡ್ಡಿ ಸಾಕಷ್ಟು ಉದ್ದವಿರಬೇಕು. ದೊಡ್ಡವರ ಟಾಪ್ಸನ್ನು ಕತ್ತರಿಸಿ ಗಿಡ್ಡ ಮಾಡಿಸುವವರು ಇದನ್ನು ಮರೆಯುತ್ತಾರೆ. ದಿನಕ್ಕೊಮ್ಮೆ ಹಾಲೆಯನ್ನು ಮಡಚಿ ಹಿಂದೆ ನೋಡಿ. ಸಂದು ಇದೆಯೇ, ತಿರುಪು ಸಡಿಲಾಗಿ ಬೀಳುವಂತಿದೆಯೇ, ಎರಡೂ ಒಂದೇ ನೋಟಕ್ಕೆ ತಿಳಿಯುತ್ತವೆ.

ಎರಡನೆಯದು ಹಚ್ಚುವ ಚಟ. ಅರಿಶಿನ, ಬಿಸಿ ಮಾಡಿದ ಕೊಬ್ಬರಿ ಎಣ್ಣೆ, ಡೆಟಾಲ್, ಕೊನೆಗೆ ಮೆಡಿಕಲ್ ಶಾಪಿನ ಪುಡಿ. ಎಣ್ಣೆ ಧೂಳನ್ನು ಹಿಡಿದಿಡುತ್ತದೆ, ಸ್ಪಿರಿಟ್ಟು ದಿನಾ ಹಚ್ಚಿದರೆ ಹೊಸ ಚರ್ಮ ಸುಡುತ್ತದೆ. ನಿಯೋಮೈಸಿನ್ ಇರುವ ಪುಡಿ, ಮುಲಾಮುಗಳೇ ಕೆಲವರಿಗೆ ಅಲರ್ಜಿ ತರುತ್ತವೆ. ಬೇಕಾದದ್ದು ನಾರ್ಮಲ್ ಸಲೈನ್ 100 ಎಂಎಲ್ ಬಾಟಲಿ. ಕೈ ತೊಳೆದು, ಗಾಜ್ ತುಂಡನ್ನು ಅದ್ದಿ ಬೆಳಗ್ಗೆ ಸಂಜೆ ಹಿಂದೆ ಮುಂದೆ ಮೆತ್ತಗೆ ಒತ್ತಿ, ಒಣಗಿದ ಹಕ್ಕಳೆ ನೆನೆದು ತಾನೇ ಬಿಡುವವರೆಗೆ ಕಾಯಿರಿ. ಟಾಪ್ಸನ್ನು ದಿನಾ ತಿರುಗಿಸುವ ಹಳೆಯ ಸಲಹೆ ಬೇಡ, ಒಳಗೆ ಕೂಡಿಕೊಳ್ಳುತ್ತಿರುವ ಚರ್ಮ ಪ್ರತಿಸಲ ಹರಿಯುತ್ತದೆ. ಎಣ್ಣೆಸ್ನಾನ ಮಾಡಿಸುವಾಗ ಕಿವಿಯ ಹತ್ತಿರ ಎಣ್ಣೆ ಹೋಗದಿರಲಿ. ಉಣ್ಣೆಯ ಕುಲಾವಿ ಸಿಕ್ಕಿಕೊಳ್ಳುತ್ತದೆ, ಹತ್ತಿಯದು ಸಾಕು.

ಕಿವಿ ಕೆಂಪಾದ ಕೂಡಲೇ ಎಲ್ಲರೂ ಸೋಂಕು ಎನ್ನುತ್ತಾರೆ. ಹಾಗಲ್ಲ, ನಿಕ್ಕಲ್ ಅಲರ್ಜಿಯೂ ಹಾಗೇ ಕಾಣುತ್ತದೆ. ಸೋಂಕು ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲಿ, ಹೆಚ್ಚಾಗಿ ಒಂದೇ ಕಿವಿಯಲ್ಲಿ ಶುರುವಾಗುತ್ತದೆ. ಮುಟ್ಟಿದರೆ ಬಿಸಿ, ನೋವು, ಹಳದಿ ಅಥವಾ ಹಸಿರು ಕೀವು. ಅಲರ್ಜಿಯಾಗಲು ಕೂಸಿನ ದೇಹ ಆ ಲೋಹವನ್ನು ಮೊದಲು ವೈರಿಯೆಂದು ಗುರುತಿಸಬೇಕು, ಹಾಗಾಗಿ ಅದು ವಾರಗಳ ನಂತರ ಬರುತ್ತದೆ. ನೋವಿಗಿಂತ ತುರಿಕೆ ಜಾಸ್ತಿ, ಸಣ್ಣ ನೀರುಗುಳ್ಳೆ, ಒಣಗಿದ ಹೊಟ್ಟು, ತಿಳಿ ನೀರು, ಜ್ವರವಿಲ್ಲ. ಲೋಹ ತಾಗಿದಷ್ಟೇ ಜಾಗದಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಐದನೇ ತಿಂಗಳಲ್ಲಿ ಆಸ್ಪತ್ರೆಯಲ್ಲೇ ಚುಚ್ಚಿಸಿದ್ದು, ಅಪ್ಪಟ ಚಿನ್ನದ ಟಾಪ್ಸ್. ಮೂರನೇ ವಾರದಲ್ಲಿ ಬಲಗಿವಿಯ ತಿರುಪು ಕಳೆದುಹೋಗುತ್ತದೆ, ಅಜ್ಜಿ ಫ್ಯಾನ್ಸಿ ಸ್ಟೋರಿನಿಂದ ಐದು ರೂಪಾಯಿಯದು ತಂದು ಹಾಕುತ್ತಾರೆ. ಏಳನೇ ವಾರಕ್ಕೆ ಬಲಗಿವಿಯ ಹಿಂಬದಿಯಲ್ಲಿ ಗುಂಡಗೆ ಕೆಂಪು, ಹೊಟ್ಟು. ಹಾಲೆಯ ಮುಂಭಾಗ ಸ್ವಚ್ಛ, ಎಡಗಿವಿಯೂ ಸ್ವಚ್ಛ. ಸೋಂಕಾಗಿದ್ದರೆ ತೂತಿನ ಉದ್ದಕ್ಕೂ ಕೆಂಪಾಗಬೇಕಿತ್ತು. ಇಲ್ಲಿ ಆಂಟಿಬಯಾಟಿಕ್ ಸಿರಪ್ ಕುಡಿಸಿದರೆ ಏನೂ ಪ್ರಯೋಜನವಾಗದು. ಮಾಡಬೇಕಾದದ್ದು ಆ ತಿರುಪು ತೆಗೆದು ಟಾಪ್ಸಿನದೇ ಚಿನ್ನದ ತಿರುಪು ಮಾಡಿಸಿ ಹಾಕುವುದು, ಚರ್ಮದ ಡಾಕ್ಟರಿಗೆ ತೋರಿಸಿ ಅವರು ಕೊಟ್ಟ ಮುಲಾಮನ್ನು ಹೇಳಿದಷ್ಟು ದಿನ ಹಚ್ಚುವುದು. ಒಮ್ಮೆ ಬಂದ ನಿಕ್ಕಲ್ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಮುಂದೆ ಆ ಮಗುವಿಗೆ ವಾಚಿನ ಬಕಲ್, ಪ್ಯಾಂಟಿನ ಗುಂಡಿಯೂ ತುರಿಕೆ ತರಬಹುದು.

ಕೀವು ಬಂದರೆ ಟಾಪ್ಸನ್ನು ನೀವೇ ಕಿತ್ತು ಹಾಕಬೇಡಿ. ತೂತಿನ ಬಾಯಿ ಮುಚ್ಚಿ ಕೀವು ಒಳಗೇ ಉಳಿಯಬಹುದು. ತೆಗೆಯಬೇಕೋ ಬೇಡವೋ ಡಾಕ್ಟರ್ ನೋಡಿ ಹೇಳಲಿ. ಕೆಂಪು ಕೆನ್ನೆಗೆ ಹರಡಿದರೆ, ಕಿವಿ ತಲೆಯಿಂದ ಎದ್ದು ನಿಂತಂತೆ ಕಂಡರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಕೂಸು ಹಾಲು ಬಿಟ್ಟರೆ, ಬೆಳಗಾಗುವವರೆಗೆ ಕಾಯದೆ ಆಗಲೇ ಮಕ್ಕಳ ಆಸ್ಪತ್ರೆಗೆ ಹೊರಡಿ.