ಕೊನೆಯ ಸಾಲು ತೆರೆದಿದ್ದ ಒಂದು ಬೋರ್‌ವೆಲ್ ಪಟ್ಟಿ

ಚಿಂತಾಮಣಿ ತಾಲ್ಲೂಕಿನಲ್ಲಿ ನಮ್ಮ ಸುತ್ತಮುತ್ತಲ ಊರುಗಳಲ್ಲಿ ಕೊರೆಸಿದ 80 ಬೋರ್‌ವೆಲ್‌ಗಳ ಆಳದ ಪಟ್ಟಿಯೊಂದನ್ನು ಪರಿಚಯದ ರೈತರೊಬ್ಬರು ನನಗೆ ತಂದುಕೊಟ್ಟು, ಹೊಸದಾಗಿ ಕೊರೆಸುವವರು ಎಷ್ಟು ಅಡಿಗೆ ಹಣ ಜೋಡಿಸಿಕೊಳ್ಳಬೇಕೆಂದು ಕೇಳಿದರು. ಪಿಯು ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವ ನನಗೆ ಇದು ಹತ್ತು ನಿಮಿಷದ ಲೆಕ್ಕವೆನಿಸಿತು. ಪಟ್ಟಿಯಲ್ಲಿ ಒಂದೊಂದು ಕೊಳವೆಬಾವಿಯ ಆಳವಿರಲಿಲ್ಲ, ವರ್ಗಾಂತರಗಳು ಮಾತ್ರ ಇದ್ದವು.

| ಆಳ (ಅಡಿ) | ಆವೃತ್ತಿ | ಸಂಚಿತ ಆವೃತ್ತಿ |
|---|---|---|
| 600–800 | 6 | 6 |
| 800–1000 | 18 | 24 |
| 1000–1200 | 28 | 52 |
| 1200–1400 | 20 | 72 |
| 1400ಕ್ಕೆ ಮೇಲ್ಪಟ್ಟು | 8 | 80 |

ಸರಿಯಾಗಿ 1000 ಅಡಿಯ ಬಾವಿಯನ್ನು 1000–1200ರ ಸಾಲಿಗೆ ಸೇರಿಸುವುದು ರೂಢಿ. ಇಲ್ಲಿಯೂ ಹಾಗೆಯೇ ಮಾಡಲಾಗಿತ್ತು. ಕೊನೆಯ ಸಾಲಿಗೆ ಮೇಲ್ಮಿತಿಯಿಲ್ಲದ ಕಾರಣ ಮಧ್ಯಬಿಂದುವೂ ಇಲ್ಲ. ನಾನು ಅದನ್ನು 1400–1600 ಎಂದು ಭಾವಿಸಿ 1500 ಹಿಡಿದೆ. ಊಹಿತ ಸರಾಸರಿಯಾಗಿ 1100 ತೆಗೆದುಕೊಂಡು, ಪ್ರತಿ ಮಧ್ಯಬಿಂದುವಿನ ಅಂತರವನ್ನು 200ರಿಂದ ಭಾಗಿಸಿದರೆ −2, −1, 0, 1, 2 ಎಂಬ ಸಣ್ಣ ಸಂಖ್ಯೆಗಳು ಸಿಗುತ್ತವೆ. ಅವುಗಳನ್ನು ಆವೃತ್ತಿಯಿಂದ ಗುಣಿಸಿ ಕೂಡಿದಾಗ 6, ಅವುಗಳ ವರ್ಗಗಳನ್ನು ಗುಣಿಸಿ ಕೂಡಿದಾಗ 94 ಬಂದಿತು.

```
ಸರಾಸರಿ   = 1100 + 200 × 6/80 = 1115
ವೇರಿಯನ್ಸ್ = 200² × (94/80 − (6/80)²) = 46775
ಮಧ್ಯಾಂಕ   = 1000 + (40 − 24)/28 × 200 = 1114.3
```

ಮಧ್ಯಾಂಕದ ಸೂತ್ರದಲ್ಲಿ ಹಿಂದಿನ ಸಾಲಿನ ಸಂಚಿತ ಆವೃತ್ತಿಯಾದ 24ನ್ನು ಹಾಕಬೇಕಾದಲ್ಲಿ ವಿದ್ಯಾರ್ಥಿಗಳು ಅದೇ ಸಾಲಿನ 52ನ್ನು ಹಾಕುವುದುಂಟು. ಆಗ ಉತ್ತರ 914 ಆಗಿ, ಮಧ್ಯಾಂಕವು ತನ್ನ ವರ್ಗಾಂತರದಿಂದಲೇ ಹೊರಬೀಳುವುದರಿಂದ ತಪ್ಪು ತಾನಾಗಿ ಗೊತ್ತಾಗುತ್ತದೆ.

ನನ್ನನ್ನು ಕಾಡಿದ್ದು ಆ 1500. ಈ ಕಡೆ ಆಳ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಆದ್ದರಿಂದ ಕೊನೆಯ ಸಾಲನ್ನು 2000 ಅಡಿಯವರೆಗೆ ಎಳೆದು, ಮಧ್ಯಬಿಂದುವನ್ನು 1700 ಮಾಡಿ ಮತ್ತೊಮ್ಮೆ ಲೆಕ್ಕ ಹಾಕಿದೆ. ಮಧ್ಯಾಂಕ ಕದಲಲಿಲ್ಲ, ಏಕೆಂದರೆ ಅದಕ್ಕೆ ಬೇಕಾದುದು ಆ ಸಾಲಿನಲ್ಲಿ ಎಂಟು ಬಾವಿಗಳಿವೆ ಎಂಬ ಎಣಿಕೆ ಮಾತ್ರ. ಸರಾಸರಿ 1135 ಆಯಿತು. ವೇರಿಯನ್ಸ್ ಮಾತ್ರ 65775ಕ್ಕೆ ಏರಿತು, ಅಂದರೆ ಮಾನಕ ವಿಚಲನೆ 216 ಅಡಿಯಿಂದ 256ಕ್ಕೆ ಜಿಗಿಯಿತು. ದೂರದ ಬಾವಿಗಳ ಅಂತರ ವರ್ಗವಾಗಿ ಸೇರುವುದರಿಂದ, ಪಟ್ಟಿಯ ಹತ್ತರಲ್ಲೊಂದು ಪಾಲಿನ ಮೇಲಿನ ನನ್ನ ಊಹೆಯೇ ಇಡೀ ಹರವನ್ನು ನಿರ್ಧರಿಸಿಬಿಟ್ಟಿತ್ತು.

ಹೀಗಾಗಿ ಮಧ್ಯಾಂಕವೊಂದನ್ನೇ ನಂಬಬಹುದೆಂದು ತೀರ್ಮಾನಿಸಿದ್ದೆ. ಆದರೆ ರಿಗ್‌ನವರ ಲೆಕ್ಕದ ಪುಸ್ತಕವನ್ನು ಆ ರೈತರೇ ಬೇಡಿ ತಂದುಕೊಟ್ಟಾಗ ನನ್ನ ತೀರ್ಮಾನ ತಲೆಕೆಳಗಾಯಿತು. 1000–1200ರ 28 ಬಾವಿಗಳಲ್ಲಿ ಒಂಬತ್ತು ಸರಿಯಾಗಿ 1000 ಅಡಿ, ಎಂಟು ಸರಿಯಾಗಿ 1050 ಅಡಿ. ಬಿಲ್ ಬರೆಯುವವರು ಐವತ್ತಕ್ಕೋ ನೂರಕ್ಕೋ ಸರಿಹೊಂದಿಸಿಕೊಳ್ಳುತ್ತಾರೆ. ಸೂತ್ರವಾದರೋ 28 ಬಾವಿಗಳೂ ಸಾಲಿನುದ್ದಕ್ಕೂ ಸಮವಾಗಿ ಹರಡಿವೆ ಎಂದುಕೊಳ್ಳುತ್ತದೆ. ಆಳದ ಕ್ರಮದಲ್ಲಿ ಜೋಡಿಸಿ ಎಣಿಸಿದಾಗ 40ನೆಯದೂ 41ನೆಯದೂ 1050 ಆಗಿದ್ದವು. ನಿಜವಾದ ಮಧ್ಯಾಂಕ 1050. ನಾನು ಹೇಳಬೇಕೆಂದಿದ್ದದ್ದು ಅದಕ್ಕಿಂತ 64 ಅಡಿ ಹೆಚ್ಚು.

ಸರಾಸರಿಯ ಕಥೆ ಇನ್ನೂ ವಿಚಿತ್ರ. ಆ 28 ಬಾವಿಗಳ ನಿಜವಾದ ಸರಾಸರಿ 1100 ಅಲ್ಲ, 1070. ಅದರಿಂದ ಒಟ್ಟು ಸರಾಸರಿ 10.5 ಅಡಿ ಇಳಿಯಬೇಕು. ಕೊನೆಯ ಎಂಟರ ಸರಾಸರಿ 1500 ಅಲ್ಲ, 1610. ಅದರಿಂದ 11 ಅಡಿ ಏರಬೇಕು. ಉಳಿದ ಸಾಲುಗಳಲ್ಲಿ ಮಧ್ಯಬಿಂದುವಿಗೂ ನಿಜಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದ್ದರಿಂದ ನನ್ನ 1115 ಸರಿಯಾಗಿ ಕಂಡಿತ್ತು.

ಆಮೇಲೆ ಗಡಿಗಳನ್ನೇ ಬದಲಿಸಿದೆ. 975–1075 ಎಂದಿಟ್ಟರೆ 1000 ಮತ್ತು 1050 ಎರಡೂ ಸಾಲಿನ ಒಳಗೆ ಬೀಳುತ್ತವೆ, ಮಧ್ಯಬಿಂದುವಾದ 1025 ಅವೆರಡರ ನಟ್ಟನಡುವೆ ನಿಲ್ಲುತ್ತದೆ. 975ರಿಂದ 1000ದೊಳಗೆ ಒಂದೂ ಬಾವಿಯಿಲ್ಲದ್ದರಿಂದ ಈ ಸಾಲಿನ ಆವೃತ್ತಿ 17, ಹಿಂದಿನ ಸಂಚಿತ ಆವೃತ್ತಿ 24. ಮಧ್ಯಾಂಕ 1069 ಬಂದಿತು. ತಪ್ಪು 64 ಅಡಿಯಿಂದ 19ಕ್ಕೆ ಇಳಿಯಿತು.

ರೈತರಿಗೆ ಎರಡೂ ಅಂಕಿಗಳನ್ನು ಬರೆದುಕೊಟ್ಟೆ: ಅರ್ಧದಷ್ಟು ಬಾವಿಗಳು 1050 ಅಡಿಯೊಳಗೇ ಮುಗಿದಿವೆ, ಆದರೆ ಹತ್ತು ಜನ ಸೇರಿ ಹಣ ಹಾಕುವುದಾದರೆ ತಲಾ 1115 ಅಡಿಯ ಲೆಕ್ಕ ಹಿಡಿಯಬೇಕು, ಏಕೆಂದರೆ ಒಟ್ಟು ಅಡಿಗಳನ್ನು ಕೊಡುವುದು ಸರಾಸರಿಯೇ. ಪಟ್ಟಿಯ ಕೊನೆಯ ಸಾಲಿನ ಪಕ್ಕದಲ್ಲಿ ‘ಎಂಟೂ ಸೇರಿ 12880 ಅಡಿ’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟೆ.